ಮೂರು ಇನಿಂಗ್ಸ್ ಆಡಿದವನಿಗೆ 68ರ ಸರಾಸರಿ: ಬಹುಮಾನ ಯಾರಿಗೆ?

ಪ್ರಶ್ನೆ: "ಸರ್, ನಾವು ಚಿಂತಾಮಣಿಯವರು. ಎಂಟು ತಂಡಗಳ ಲೆದರ್ ಬಾಲ್ ಲೀಗ್ ನಡೆಸಿದೆವು, ಇಪ್ಪತ್ತು ಓವರಿನ ಮ್ಯಾಚ್‌ಗಳು. ಒಂದೊಂದು ತಂಡಕ್ಕೆ 7 ಲೀಗ್ ಮ್ಯಾಚ್, ಆಮೇಲೆ ಸೆಮಿಫೈನಲ್, ಫೈನಲ್. 'ಅತಿ ಹೆಚ್ಚು ಸರಾಸರಿಯ ಬ್ಯಾಟ್ಸ್‌ಮನ್‌ಗೆ ಬಹುಮಾನ' ಅಂತ ಪಾಂಪ್ಲೆಟ್‌ನಲ್ಲಿ ಹಾಕಿಸಿಬಿಟ್ಟಿದ್ದೆವು. ಈಗ ನೋಡಿದರೆ ಶಿಡ್ಲಘಟ್ಟದ ಎಂಟನೇ ನಂಬರ್ ಹುಡುಗ ಮೂರೇ ಇನಿಂಗ್ಸ್‌ನಲ್ಲಿ, ಎರಡು ಸಲ ನಾಟೌಟ್ ಇದ್ದು, 68 ರನ್ ಹೊಡೆದು 68.00ರಲ್ಲಿ ಮೊದಲು ಬಂದಿದ್ದಾನೆ. ಎರಡನೆಯವನು ಗೌರಿಬಿದನೂರಿನ ಫಿನಿಶರ್: 8 ಇನಿಂಗ್ಸ್, 5 ನಾಟೌಟ್, 165 ರನ್, 55.00. ಮೂರನೆಯವನು ಪರೀಕ್ಷೆ ಮುಗಿಸಿ ತಡವಾಗಿ ಸೇರಿದ ನಮ್ಮೂರಿನ ಕಾಲೇಜು ಹುಡುಗ: 4 ಇನಿಂಗ್ಸ್, 1 ನಾಟೌಟ್, 156 ರನ್, 52.00. 372 ರನ್ ಹೊಡೆದ ಶ್ರೀನಿವಾಸಪುರದ ಓಪನರ್ 9 ಇನಿಂಗ್ಸ್, 1 ನಾಟೌಟ್, 46.50ರಲ್ಲಿ ನಾಲ್ಕನೆಯವನು. ಲೀಗಿನಲ್ಲೇ ಹೊರಬಿದ್ದ ಬಾಗೇಪಲ್ಲಿ ತಂಡದ ಮೂರನೇ ನಂಬರಿನವನು 7 ಇನಿಂಗ್ಸ್, ಏಳರಲ್ಲೂ ಔಟ್, 301 ರನ್, 43.00. ಕಮಿಟಿಯಲ್ಲಿ ಜಗಳವಾಗುತ್ತಿದೆ. ಕನಿಷ್ಠ ಐದು ಇನಿಂಗ್ಸ್ ಅಂತ ರೂಲ್ ಮಾಡೋಣ ಅನ್ನುತ್ತಾರೆ. ಎಷ್ಟು ಇಟ್ಟರೆ ನ್ಯಾಯ? ಭಾನುವಾರ ಬಹುಮಾನ ಕೊಡಬೇಕು."

ಉತ್ತರ: ಮೊದಲು ಭಾನುವಾರದ ಮಾತು ಮುಗಿಸೋಣ. ಪಾಂಪ್ಲೆಟ್‌ನಲ್ಲಿ ಅಚ್ಚಾಗಿರುವುದು ಸರಾಸರಿ ಮಾತ್ರ, ಕನಿಷ್ಠ ಇಷ್ಟು ಇನಿಂಗ್ಸ್ ಎಂಬ ಷರತ್ತು ಅದರಲ್ಲಿಲ್ಲ. ಹಾಗಾದಮೇಲೆ ಈ ವರ್ಷದ ಬಹುಮಾನ ಶಿಡ್ಲಘಟ್ಟದ ಹುಡುಗನದ್ದೇ. ಪಟ್ಟಿ ಕೈಗೆ ಬಂದಮೇಲೆ ನೀವು ಯಾವ ಗಡಿ ಹಾಕಿದರೂ, ಅದು ಎಷ್ಟೇ ನ್ಯಾಯವಾಗಿದ್ದರೂ, ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಹತ್ತಿಸಲು ಹಾಕಿದ ಹಾಗೆ ಕಾಣುತ್ತದೆ. ಕಾಣುವುದೇನು, ಅದು ಹಾಗೆಯೇ. ಕಮಿಟಿಯ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ 'ಅತಿ ಹೆಚ್ಚು ರನ್' ಎಂದು ಹೇಳಿ ಓಪನರ್‌ಗೂ ಒಂದು ಕಪ್ ಕೊಡಿ. ಯಾರೂ ಬೇಡ ಅನ್ನುವುದಿಲ್ಲ.

ಮುಂದಿನ ವರ್ಷಕ್ಕೆ ರೂಲ್ ಬೇಕೇ ಬೇಕು. ಆದರೆ ನಿಮ್ಮ ಕಮಿಟಿ ಹೇಳುವ ಐದು ಇನಿಂಗ್ಸ್ ರೂಲನ್ನು ಇದೇ ಪಟ್ಟಿಯ ಮೇಲೆ ಹಾಕಿ ನೋಡಿದಿರಾ? ಶಿಡ್ಲಘಟ್ಟದ ಹುಡುಗ ಹೋದ, ಕಾಲೇಜು ಹುಡುಗನೂ ಹೋದ. ಮೊದಲ ಸ್ಥಾನ ಗೌರಿಬಿದನೂರಿನ ಫಿನಿಶರ್‌ಗೆ ಬಂತು. ಅವನದು ಒಟ್ಟು 165 ರನ್, ಓಪನರ್ ಹೊಡೆದದ್ದರ ಅರ್ಧಕ್ಕಿಂತ ಕಡಿಮೆ. ಗಡಿಯನ್ನು ಆರಕ್ಕೆ, ಏಳಕ್ಕೆ, ಎಂಟಕ್ಕೆ ಏರಿಸಿದರೂ ಅವನು ಅಲ್ಲಾಡುವುದಿಲ್ಲ, ಏಕೆಂದರೆ ಅವನು ಎಂಟು ಸಲ ಬ್ಯಾಟು ಹಿಡಿದು ಇಳಿದಿದ್ದಾನೆ. ಇತ್ತ ಗಡಿ ಎಂಟಕ್ಕೆ ಹೋದ ಕೂಡಲೇ ಬಾಗೇಪಲ್ಲಿಯವನು ಪಟ್ಟಿಯಿಂದ ಬಿದ್ದ. ಅವನ ತಂಡ ಆಡಿದ್ದೇ ಏಳು ಮ್ಯಾಚ್, ಎಂಟನೇ ಇನಿಂಗ್ಸ್ ಎಲ್ಲಿಂದ ತರಬೇಕು? ಫಿನಿಶರ್‌ನನ್ನು ಇಳಿಸಲೇಬೇಕು ಎಂದು ಒಂಬತ್ತಕ್ಕೆ ಏರಿಸಿದರೆ ನೀವು ಹೇಳಿದ ಐವರಲ್ಲಿ ಓಪನರ್ ಒಬ್ಬನೇ ಉಳಿಯುತ್ತಾನೆ, ಅವನೊಬ್ಬನೇ ಓಡುವ ಓಟಕ್ಕೆ ಪದಕ ಬೇಡ.

ಹೀಗಾಗಲು ಕಾರಣ, ಇನಿಂಗ್ಸ್ ಎಣಿಸುವ ರೂಲು ತಪ್ಪು ಬಾಗಿಲಿಗೆ ಬೀಗ ಹಾಕುತ್ತದೆ. ಬ್ಯಾಟಿಂಗ್ ಸರಾಸರಿ ತೆಗೆಯುವಾಗ ನಾವು ರನ್ನುಗಳನ್ನು ಇನಿಂಗ್ಸ್‌ನಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತೇವೆ. ಸರಾಸರಿಯನ್ನು ಉಬ್ಬಿಸುವುದು ಆ ಕೆಳಗಿನ ಸಂಖ್ಯೆ ಚಿಕ್ಕದಾಗಿರುವುದು. ಶಿಡ್ಲಘಟ್ಟದವನು ಔಟಾದದ್ದು ಒಂದು ಸಲ. ಫಿನಿಶರ್ ಎಂಟು ಸಲ ಆಡಿ ಮೂರು ಸಲ. ಕಾಲೇಜು ಹುಡುಗನೂ ಮೂರು ಸಲ. ಓಪನರ್ ಎಂಟು ಸಲ, ಬಾಗೇಪಲ್ಲಿಯವನು ಏಳು ಸಲ. ಈ ಐದು ಸಂಖ್ಯೆ ಬರೆದುಕೊಂಡು ಪಟ್ಟಿ ನೋಡಿದರೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ತಾನಾಗಿ ಕಾಣುತ್ತದೆ.

ಇನಿಂಗ್ಸ್ ರೂಲನ್ನು ದಾಟಿ ಬರುವ ಟೊಳ್ಳು ಸರಾಸರಿಗೆ ಕ್ರಿಕೆಟ್ ಇತಿಹಾಸದಲ್ಲೇ ಒಂದು ತಮಾಷೆಯ ಉದಾಹರಣೆ ಇದೆ. 1953ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡ್ ಪ್ರವಾಸ ಹೋದಾಗ ಬಿಲ್ ಜಾನ್‌ಸ್ಟನ್ ಎಂಬ ಎಡಗೈ ಬೌಲರ್ ಕೊನೆಯಲ್ಲಿ ಇಳಿದು 17 ಇನಿಂಗ್ಸ್ ಆಡಿದ. 16ರಲ್ಲಿ ನಾಟೌಟ್. ಹೊಡೆದದ್ದು ಒಟ್ಟು 102 ರನ್, ಸರಾಸರಿ 102.00. ಆ ಪ್ರವಾಸದ ಬ್ಯಾಟಿಂಗ್ ಪಟ್ಟಿಯಲ್ಲಿ ಅವನದೇ ಮೊದಲ ಹೆಸರು. ಹತ್ತು ಇನಿಂಗ್ಸ್ ಅಲ್ಲ, ಹದಿನೈದು ಇನಿಂಗ್ಸ್ ಕಡ್ಡಾಯ ಮಾಡಿದ್ದರೂ ಅವನನ್ನು ತಡೆಯಲು ಆಗುತ್ತಿರಲಿಲ್ಲ. ಎರಡು ಸಲ ಔಟಾಗಿರಬೇಕು ಎಂದಿದ್ದರೆ ಸಾಕಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ನಿಮ್ಮ ಕಮಿಟಿಯಲ್ಲೂ ಯಾರೋ ಒಬ್ಬರು ಅದನ್ನು ಆಡಿಯೇ ಇರುತ್ತಾರೆ: "ನಾಟೌಟ್ ಅನ್ನುವುದೇ ಮೋಸ, ಎಲ್ಲ ಇನಿಂಗ್ಸನ್ನೂ ಎಣಿಸಿ ಭಾಗಿಸಿಬಿಡಿ." ಹಾಗೆ ಮಾಡಬೇಡಿ. ನಾಟೌಟ್ ಎಂದರೆ ಮುಗಿಯದ ಇನಿಂಗ್ಸ್. ಓವರ್ ಮುಗಿಯಿತು, ಅಥವಾ ಗೆದ್ದಾಯಿತು, ಅವನ ಆಟವನ್ನು ನಿಲ್ಲಿಸಿದವನು ಬೌಲರ್ ಅಲ್ಲ. ಒಬ್ಬ ಇವತ್ತು 30 ನಾಟೌಟ್ ಇದ್ದು ನಾಳೆ 20ಕ್ಕೆ ಔಟಾದರೆ, ಒಂದೇ ಇನಿಂಗ್ಸ್‌ನಲ್ಲಿ 50 ಹೊಡೆದು ಔಟಾದ ಹಾಗೆ ಎಂದು ಸರಾಸರಿಯ ಲೆಕ್ಕ ತಿಳಿಯುತ್ತದೆ. ಈ ಜೋಡಣೆ ಪೂರ್ತಿ ಸರಿಯಲ್ಲ, ಆದರೆ ತಪ್ಪು ಎರಡೂ ಕಡೆಗಿದೆ. ನಾಳೆ ಅವನು ಮತ್ತೆ ಸೊನ್ನೆಯಿಂದ, ಕಣ್ಣು ಕೂರದ ಸ್ಥಿತಿಯಿಂದ ಶುರು ಮಾಡಬೇಕು. ಯಾವ ಬ್ಯಾಟ್ಸ್‌ಮನ್ ಆದರೂ ಔಟಾಗುವ ಭಯ ಹೆಚ್ಚಿರುವುದು ಆ ಮೊದಲ ಹತ್ತು ರನ್ನಿನೊಳಗೆ. ಇನ್ನೊಂದು ಕಡೆ, ಕೊನೆಯ ಎರಡು ಓವರಿಗೆ ಇಳಿಯುವವನಿಗೆ ಔಟಾಗಲು ಸಮಯವೇ ಇರುವುದಿಲ್ಲ. ನಾಟೌಟನ್ನು ಅಳಿಸಿ ಹಾಕಿದರೆ ಹೀಗೆ ಕೊನೆಯಲ್ಲಿ ಇಳಿಯುವವನಿಗಾದ ಲಾಭ ಹೋಗುತ್ತದೆ ನಿಜ, ಆದರೆ ಮೂರನೇ ನಂಬರಿಗೆ ಇಳಿದು ಚೇಸ್ ಮುಗಿಸಿ 70 ನಾಟೌಟ್ ಇದ್ದು ಬಂದವನಿಗೂ ಪೆಟ್ಟು ಬೀಳುತ್ತದೆ. ನಾಟೌಟ್ ಇರಲಿ. ಔಟುಗಳು ಸಾಕಷ್ಟು ಇವೆಯೇ ಎಂದು ಮಾತ್ರ ಕೇಳಿ.

ಸಾಕಷ್ಟು ಎಂದರೆ ಎಷ್ಟು? ಸ್ಕೋರಿಂಗ್ ಮೇಜಿನ ಮುಂದೆ ಕೂತವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಇದಕ್ಕೆ ಉತ್ತರ ಬರುತ್ತದೆ: ಬ್ಯಾಟ್ಸ್‌ಮನ್‌ನ ಸ್ಕೋರುಗಳು ವಿಪರೀತ ಏರಿಳಿಯುತ್ತವೆ. ಸರಾಸರಿ 40 ಇರುವವನು ಪ್ರತಿ ಸಲ 35, 42, 38 ಹೊಡೆಯುವುದಿಲ್ಲ. 4, 0, 11, 95, 62, 68 ಹೀಗೆ ಹೊಡೆಯುತ್ತಾನೆ. ಒಂದೊಂದು ಇನಿಂಗ್ಸಿನ ಏರಿಳಿತ ಹೆಚ್ಚುಕಡಿಮೆ ಸರಾಸರಿಯಷ್ಟೇ ದೊಡ್ಡದಾಗಿರುತ್ತದೆ. ಹಾಗಾಗಿ ಕೈಬೆರಳಿನ ಲೆಕ್ಕವೊಂದಿದೆ. ಸರಾಸರಿಯನ್ನು ಔಟುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ; ಬಂದ ಉತ್ತರದಷ್ಟು ಆಚೆ ಈಚೆ ಆಗುವುದು ಬರೀ ಅದೃಷ್ಟದಿಂದಲೇ ಸಾಧ್ಯ. ನಾಲ್ಕು ಸಲ ಔಟಾದವನ ಸರಾಸರಿಯಲ್ಲಿ ಅರ್ಧದಷ್ಟು ಅಲುಗಾಟವಿರುತ್ತದೆ. ಒಂದೇ ಸಲ ಔಟಾದವನ ಸರಾಸರಿಯಲ್ಲಿ ಅಲುಗಾಟವು ಸರಾಸರಿಯಷ್ಟೇ, ಅಂದರೆ ಆ ಸಂಖ್ಯೆ ನಮಗೆ ಏನನ್ನೂ ಹೇಳುತ್ತಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಒಂದೇ ಒಂದು ಗೂಡು ಎತ್ತಿ ನೋಡಿ ಇಡೀ ಲಾಟಿಗೆ ರೇಟು ಕೂಗುವವರಿಲ್ಲ, ಬೊಗಸೆ ತುಂಬ ಎತ್ತಿ ನೋಡುತ್ತಾರೆ.

ನಿಮ್ಮ ಓಪನರ್ ಎಂಟು ಸಲ ಔಟಾದವನು. 46.50 ಸರಾಸರಿಗೆ ಅಲುಗಾಟ ಸುಮಾರು 16 ರನ್. ಬಾಗೇಪಲ್ಲಿಯವನ 43.00ಕ್ಕೂ ಅಷ್ಟೇ, ಸುಮಾರು 16. ಇಬ್ಬರ ನಡುವೆ ಇರುವ ಅಂತರ ಮೂರೂವರೆ. ಹಾಗಾದರೆ ಇವನಿಗಿಂತ ಅವನು ಒಳ್ಳೆಯ ಬ್ಯಾಟ್ಸ್‌ಮನ್ ಎಂದು ಈ ಪಟ್ಟಿಯಿಂದ ಯಾರೂ ಸಾಧಿಸಲಾರರು. ಬಹುಮಾನ ಕೊಡಲು ತೊಂದರೆಯಿಲ್ಲ, ಓಟದಲ್ಲಿ ಒಂದು ಅಂಗುಲ ಮುಂದಿದ್ದರೂ ಗೆಲುವೇ. ಆದರೆ ಇದೇ ಪಟ್ಟಿ ಹಿಡಿದು ತಾಲ್ಲೂಕು ತಂಡಕ್ಕೆ ಆಯ್ಕೆ ಮಾಡಲು ಹೊರಟರೆ ಅನ್ಯಾಯವಾಗುತ್ತದೆ. ನೀವು ಆ ಮಾತು ಎತ್ತಿಲ್ಲ, ಆದರೆ ಆಗಾಗ ಕಂಡಿದ್ದೇನೆ: ಬಹುಮಾನದ ಪಟ್ಟಿಯೇ ಮುಂದಿನ ತಿಂಗಳು ಆಯ್ಕೆಯ ಪಟ್ಟಿಯಾಗಿ ಬಂದು ಕೂರುತ್ತದೆ.

ದೊಡ್ಡ ಕ್ರಿಕೆಟ್ಟಿನವರು ಈ ತೊಂದರೆಯನ್ನು ಗಡಿ ಹಾಕಿಯೇ ದಾಟಿದ್ದಾರೆ. ಟೆಸ್ಟ್ ಸರಾಸರಿ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 20 ಇನಿಂಗ್ಸ್ ಎಂದಿರುತ್ತದೆ. ಅದಿಲ್ಲದಿದ್ದರೆ ವೆಸ್ಟ್ ಇಂಡೀಸಿನ ಆಂಡಿ ಗಾಂಟೊಮ್, 1948ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಇನಿಂಗ್ಸ್ ಆಡಿ 112 ಹೊಡೆದು ಮತ್ತೆಂದೂ ಟೆಸ್ಟ್ ಆಡದವರು, 99.94ರ ಬ್ರಾಡ್ಮನ್‌ಗಿಂತ ಮೇಲೆ ಕೂರುತ್ತಾರೆ. ನಮ್ಮ ಕರುಣ್ ನಾಯರ್ ಅವರನ್ನೇ ತೆಗೆದುಕೊಳ್ಳಿ. 2016–17ರಲ್ಲಿ ಆಡಿದ ಮೊದಲ ಆರು ಟೆಸ್ಟ್‌ಗಳ ಏಳು ಇನಿಂಗ್ಸ್‌ನಲ್ಲಿ ಅವರು ಗಳಿಸಿದ್ದು 374 ರನ್, ಸರಾಸರಿ 62.33. ಅದರಲ್ಲಿ 303 ನಾಟೌಟ್ ಚೆನ್ನೈನ ಒಂದೇ ಇನಿಂಗ್ಸಿನದು. ಉಳಿದ ಆರು ಇನಿಂಗ್ಸ್‌ಗೆ 71 ರನ್. 62.33 ಎನ್ನುವುದೂ ನಿಜ, ಆರು ಇನಿಂಗ್ಸ್‌ಗೆ 71 ಎನ್ನುವುದೂ ನಿಜ. ಸರಾಸರಿಯ ಅಂಕಣ ನೋಡಿದರೆ ಮೊದಲನೆಯದು ಮಾತ್ರ ಕಾಣುತ್ತದೆ.

ಆದರೆ ಗಡಿ ಹಾಕಿದ ಮಾತ್ರಕ್ಕೆ ಗಡಿಯ ಹತ್ತಿರದ ಜಗಳ ತಪ್ಪುವುದಿಲ್ಲ. ವಿನೋದ್ ಕಾಂಬ್ಳಿ ಟೆಸ್ಟ್‌ನಲ್ಲಿ ಆಡಿದ್ದು 21 ಇನಿಂಗ್ಸ್, ಸರಾಸರಿ 54.20. 20ರ ಗಡಿಯನ್ನು ಒಂದೇ ಒಂದು ಇನಿಂಗ್ಸ್‌ನಿಂದ ದಾಟಿದ್ದರಿಂದ ಪಟ್ಟಿಯಲ್ಲಿ ಅವರು 329 ಇನಿಂಗ್ಸ್ ಆಡಿದ ಸಚಿನ್ (53.78) ಮತ್ತು 286 ಇನಿಂಗ್ಸ್ ಆಡಿದ ದ್ರಾವಿಡ್ (52.31) ಇಬ್ಬರಿಗೂ ಮೇಲೆ ನಿಲ್ಲುತ್ತಾರೆ. ಎರಡು ಇನಿಂಗ್ಸ್ ಕಡಿಮೆ ಆಡಿದ್ದರೆ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಮೇಲೆ ಹೇಳಿದ ಕೈಬೆರಳಿನ ಲೆಕ್ಕ ಹಾಕಿ: ಕಾಂಬ್ಳಿ 20 ಸಲ ಔಟಾದವರು, ಅಲುಗಾಟ ಸುಮಾರು 12 ರನ್. ಸಚಿನ್ 296 ಸಲ ಔಟಾದವರು, ಅಲುಗಾಟ 3 ರನ್. ಎರಡೂ ಒಂದೇ ಪಟ್ಟಿಯಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗುತ್ತವೆ.

ಗಡಿ ಎಂದರೆ ಹೀಗೆ ಕತ್ತಿಯ ಅಲಗು. ಈಚೆ ಬಿದ್ದವನು ಪೂರ್ತಿ ಒಳಗೆ, ಆಚೆ ಬಿದ್ದವನು ಪೂರ್ತಿ ಹೊರಗೆ. ಊರಿನ ಟೂರ್ನಿಯಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಹೊರಗೆ ಬಿದ್ದವನ ಅಣ್ಣ ಕಮಿಟಿಯಲ್ಲೇ ಇರುತ್ತಾನೆ.

ಇದಕ್ಕೆ ಅಮೆರಿಕದ ಬೇಸ್‌ಬಾಲ್‌ನವರು ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿದೆ. ಅಲ್ಲಿ ಬ್ಯಾಟಿಂಗ್ ಪ್ರಶಸ್ತಿಗೆ ಒಂದು ಋತುವಿನಲ್ಲಿ ಕನಿಷ್ಠ 502 ಸಲ ಬ್ಯಾಟಿಂಗಿಗೆ ನಿಂತಿರಬೇಕು. 1996ರಲ್ಲಿ ಟೋನಿ ಗ್ವಿನ್ ಎಂಬಾತ ನಿಂತದ್ದು 498 ಸಲ, ನಾಲ್ಕು ಕಡಿಮೆ. ಅವನನ್ನು ಹೊರಗೆ ಹಾಕಲಿಲ್ಲ. ಬಾಕಿ ನಾಲ್ಕು ಸಲವೂ ಅವನು ನಿಂತು ವಿಫಲನಾದ ಎಂದೇ ಲೆಕ್ಕ ಹಿಡಿದರು. ಹಾಗೆ ಹಿಡಿದಮೇಲೂ ಅವನ ಸಂಖ್ಯೆಯೇ ಎಲ್ಲರಿಗಿಂತ ಮೇಲಿತ್ತು, ಪ್ರಶಸ್ತಿ ಕೊಟ್ಟರು. ಕಡಿಮೆ ಬಿದ್ದ ಅವಕಾಶಗಳನ್ನೆಲ್ಲ ಸೊನ್ನೆಗೆ ಔಟ್ ಎಂದು ತುಂಬಿ, ಆಮೇಲೂ ಮೊದಲಿದ್ದರೆ ಅವನೇ ಮೊದಲು. ಯಾರೂ ತಕರಾರು ಮಾಡಲಾಗದ ಲೆಕ್ಕ ಇದು.

ಇದನ್ನೇ ನಮ್ಮ ಆಟಕ್ಕೆ ತನ್ನಿ. ಕನಿಷ್ಠ ನಾಲ್ಕು ಔಟು ಎಂದಿಡಿ. ನಾಲ್ಕಕ್ಕಿಂತ ಕಡಿಮೆ ಸಲ ಔಟಾದವನನ್ನು ಪಟ್ಟಿಯಿಂದ ತೆಗೆಯಬೇಡಿ. ಅವನ ರನ್ನನ್ನೂ ನಾಲ್ಕರಿಂದಲೇ ಭಾಗಿಸಿ. ಶಿಡ್ಲಘಟ್ಟದ ಹುಡುಗ 68 ಭಾಗಿಸು ನಾಲ್ಕು, 17.00. ಕಾಲೇಜು ಹುಡುಗ 156 ಭಾಗಿಸು ನಾಲ್ಕು, 39.00. ಫಿನಿಶರ್ 165 ಭಾಗಿಸು ನಾಲ್ಕು, 41.25. ಓಪನರ್ ಎಂಟು ಸಲ ಔಟಾದವನು, ಅವನ 46.50 ಹಾಗೆಯೇ ಇರುತ್ತದೆ. ಬಾಗೇಪಲ್ಲಿಯವನ 43.00 ಕೂಡ. ಈಗ ಓಪನರ್ ಮೊದಲು, ಬಾಗೇಪಲ್ಲಿಯವನು ಎರಡನೆಯವನು, ಫಿನಿಶರ್ ಮೂರು, ಕಾಲೇಜು ಹುಡುಗ ನಾಲ್ಕು. ನಿಮ್ಮ ಮೈದಾನದ ಸುತ್ತ ಕೂತು ಎಲ್ಲ ಮ್ಯಾಚು ನೋಡಿದವರು ಬಾಯಲ್ಲಿ ಹೇಳುವ ಪಟ್ಟಿಯೂ ಬಹುಶಃ ಇದೇ ಇದ್ದೀತು.

ಕಾಲೇಜು ಹುಡುಗನ ವಿಷಯ ಗಮನಿಸಿ. ಐದು ಇನಿಂಗ್ಸ್ ರೂಲಿನಲ್ಲಿ ಅವನು ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಇಲ್ಲಿ ನಾಲ್ಕನೇ ಸಲ ಸೊನ್ನೆಗೆ ಔಟ್ ಎಂದು ತುಂಬಿದರೂ 39 ಉಳಿಯಿತು. ಅದೇ ನಾಲ್ಕು ಇನಿಂಗ್ಸ್‌ನಲ್ಲಿ ಅವನು 190 ಹೊಡೆದಿದ್ದರೆ ಸಂಖ್ಯೆ 47.50 ಆಗಿ ಓಪನರ್‌ನನ್ನು ದಾಟಿ ಬಹುಮಾನ ಹೊಡೆಯುತ್ತಿದ್ದ, ಮತ್ತು ಅದು ಅವನಿಗೆ ಸಲ್ಲಬೇಕಾದದ್ದೇ ಆಗಿರುತ್ತಿತ್ತು.

ನಾಲ್ಕೇ ಏಕೆ, ಮೂರಾಗಲಿ ಐದಾಗಲಿ ಏಕಲ್ಲ? ಲೀಗ್ ಮ್ಯಾಚುಗಳ ಅರ್ಧ, ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ: ಏಳರ ಅರ್ಧ ಮೂರೂವರೆ, ಆದ್ದರಿಂದ ನಾಲ್ಕು. ಹದಿನಾಲ್ಕು ಮ್ಯಾಚಿನ ಲೀಗಾದರೆ ಏಳು. ಲೀಗ್ ಮ್ಯಾಚನ್ನೇ ಅಳತೆಗೆ ಹಿಡಿಯಬೇಕು, ಸೆಮಿಫೈನಲ್, ಫೈನಲ್ ಸೇರಿಸಬಾರದು, ಏಕೆಂದರೆ ಎಲ್ಲ ತಂಡಕ್ಕೂ ಸಮನಾಗಿ ಸಿಗುವುದು ಲೀಗ್ ಮ್ಯಾಚುಗಳು ಮಾತ್ರ. ನಾಕೌಟ್‌ನಲ್ಲಿ ಹೊಡೆದ ರನ್ನು, ಅಲ್ಲಿ ಆದ ಔಟು, ಎರಡೂ ಲೆಕ್ಕಕ್ಕೆ ಬರಲಿ. ಗಡಿಯನ್ನು ಮಾತ್ರ ಅದರಿಂದ ನಿರ್ಧರಿಸಬೇಡಿ.

ಈ ಆಯ್ಕೆ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಗಡಿಯನ್ನು ಬದಲಿಸುತ್ತಾ ಹೋಗಿ, ಮೊದಲ ಹೆಸರು ಎಲ್ಲಿ ಬದಲಾಗುತ್ತದೆ ನೋಡಿ. ನಿಮ್ಮ ಪಟ್ಟಿಯಲ್ಲಿ ಒಂದು ಔಟು ಇಟ್ಟರೆ ಶಿಡ್ಲಘಟ್ಟದವನು. ಎರಡು ಅಥವಾ ಮೂರು ಇಟ್ಟರೆ ಫಿನಿಶರ್. ನಾಲ್ಕು ಇಟ್ಟರೆ ಓಪನರ್. ಐದು, ಆರು, ಏಳು, ಎಂಟಕ್ಕೆ ಏರಿಸಿದರೂ ಓಪನರೇ. ನಾಲ್ಕರ ನಂತರ ಪಟ್ಟಿಯ ತಲೆ ಅಲುಗಾಡುವುದಿಲ್ಲ. ಇದನ್ನೇ ನಿಮ್ಮಲ್ಲಿರುವ ಹಿಂದಿನ ವರ್ಷಗಳ ಸ್ಕೋರ್ ಬುಕ್ಕಿನ ಮೇಲೂ ಮಾಡಿ ನೋಡಿ. ಗಡಿ ಒಂದು ಹೆಚ್ಚು ಕಡಿಮೆಯಾದಾಗ ಪ್ರತಿ ವರ್ಷವೂ ಗೆದ್ದವನು ಬದಲಾಗುತ್ತಿದ್ದರೆ, ಆ ಲೀಗು ಸರಾಸರಿಯ ಬಹುಮಾನಕ್ಕೆ ತೀರಾ ಚಿಕ್ಕದು ಎಂದು ಅರ್ಥ. ಮೂರು ನಾಲ್ಕು ಮ್ಯಾಚಿನ ಟೂರ್ನಿಗಳಲ್ಲಿ ಹೀಗೇ ಆಗುವುದು. ಅಂಥ ಕಡೆ ಸರಾಸರಿ ಬಿಟ್ಟು ಒಟ್ಟು ರನ್ನಿಗೆ ಕೊಡುವುದೇ ಒಳ್ಳೆಯದು.

ಒಟ್ಟು ರನ್ನಿಗೆ ಕೊಡುವುದರಲ್ಲಿ ಗಡಿಯ ತಲೆನೋವೇ ಇಲ್ಲ. ಐಪಿಎಲ್‌ನ ಆರೆಂಜ್ ಕ್ಯಾಪ್ ಕೂಡ ಸರಾಸರಿಗಲ್ಲ, ಒಟ್ಟು ರನ್ನಿಗೆ. ಅದರ ಕೊರತೆ ಬೇರೆ: ಫೈನಲ್ ಮುಟ್ಟಿದ ತಂಡದವನಿಗೆ ಎರಡು ಮ್ಯಾಚು ಹೆಚ್ಚು ಸಿಗುತ್ತವೆ, ಮೇಲೆ ಇಳಿಯುವವನಿಗೆ ಹೆಚ್ಚು ಬಾಲು ಸಿಗುತ್ತವೆ. 301 ರನ್ನನ್ನು ಏಳೇ ಮ್ಯಾಚಿನಲ್ಲಿ ಹೊಡೆದ ಬಾಗೇಪಲ್ಲಿಯವನು ಅಲ್ಲಿ 71 ರನ್ ಹಿಂದೆ ಬೀಳುತ್ತಾನೆ, ಸರಾಸರಿಯಲ್ಲಿ ಮೂರೂವರೆ ಮಾತ್ರ ಹಿಂದಿದ್ದಾನೆ. ಸರಾಸರಿಯ ಬಹುಮಾನಕ್ಕೆ ಅರ್ಥ ಇರುವುದು ಇಂಥವನಿಗಾಗಿ.

ಲೆಕ್ಕದಲ್ಲಿ ಕೈ ಪಳಗಿದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಸೊನ್ನೆಗೆ ಔಟ್ ಎಂದು ತುಂಬುವ ಬದಲು, ಎಲ್ಲರ ಲೆಕ್ಕಕ್ಕೂ ನಾಲ್ಕು ಔಟು ಮತ್ತು ಲೀಗಿನ ಒಟ್ಟಾರೆ ಸರಾಸರಿಯ ನಾಲ್ಕರಷ್ಟು ರನ್ನು ಸೇರಿಸುತ್ತಾರೆ. ನಿಮ್ಮ ಲೀಗಿನ ಒಟ್ಟಾರೆ ಸರಾಸರಿ 18 ಎಂದುಕೊಳ್ಳೋಣ. ಆಗ ಎಲ್ಲರಿಗೂ 72 ರನ್, 4 ಔಟು ಸೇರುತ್ತವೆ. ಓಪನರ್ 444 ಭಾಗಿಸು 12, ಅಂದರೆ 37.00. ಬಾಗೇಪಲ್ಲಿಯವನು 33.91, ಫಿನಿಶರ್ 33.86, ಕಾಲೇಜು ಹುಡುಗ 32.57, ಶಿಡ್ಲಘಟ್ಟದವನು 28.00. ಸಾಕ್ಷ್ಯ ಕಡಿಮೆ ಇದ್ದವನನ್ನು ಇದು ಸಾಮಾನ್ಯನ ಕಡೆಗೆ ಎಳೆಯುತ್ತದೆ, ಸೊನ್ನೆಯ ಕಡೆಗಲ್ಲ. ಆಯ್ಕೆಗೆ ಇದೇ ಸರಿಯಾದ ಪಟ್ಟಿ. ಆದರೆ 68 ರನ್ ಹೊಡೆದವನ ಸರಾಸರಿ 28 ಹೇಗಾಯಿತು ಎಂದು ಬಹುಮಾನದ ವೇದಿಕೆಯ ಮೇಲೆ ಮೈಕ್ ಹಿಡಿದು ವಿವರಿಸುವ ಕೆಲಸ ನನಗಂತೂ ಬೇಡ. "ಕನಿಷ್ಠ ನಾಲ್ಕರಿಂದ ಭಾಗಿಸಿದ್ದೇವೆ" ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ನಾಲ್ಕರಿಂದ ಭಾಗಿಸುವ ರೂಲಿನಲ್ಲೂ ನೋವಿದೆ, ಅದು ಫಿನಿಶರ್‌ಗೆ. ಅವನ ಕೆಲಸವೇ ಔಟಾಗದೆ ಮುಗಿಸುವುದು. ಅದನ್ನು ಚೆನ್ನಾಗಿ ಮಾಡಿದಷ್ಟೂ ಅವನಿಗೆ ನಾಲ್ಕು ಔಟು ತುಂಬುವುದಿಲ್ಲ. 55 ಇದ್ದದ್ದು 41.25ಕ್ಕೆ ಇಳಿದದ್ದು ಅವನ ತಪ್ಪಿನಿಂದಲ್ಲ. ಇದನ್ನು ಸರಾಸರಿಯೊಳಗೇ ಸರಿಪಡಿಸಲು ಹೋಗಬೇಡಿ, ಆಗುವುದಿಲ್ಲ. ಅವನು ಎದುರಿಸಿದ ಬಾಲು, ಹೊಡೆದ ವೇಗ, ಗೆಲ್ಲಿಸಿದ ಚೇಸ್, ಇವೆಲ್ಲ ಸರಾಸರಿಯ ಹೊರಗಿನ ಸಂಗತಿಗಳು.

ಇನ್ನು ಲೆಕ್ಕ ಬರೆಯುವ ಕೆಲಸ. ನೀವು ಎಕ್ಸೆಲ್‌ನಲ್ಲಿ ಹಾಕುವಿರಾದರೆ C ಅಂಕಣದಲ್ಲಿ ಇನಿಂಗ್ಸ್, D ಅಂಕಣದಲ್ಲಿ ನಾಟೌಟ್, E ಅಂಕಣದಲ್ಲಿ ರನ್ ಇಡಿ. ಇಡೀ ರೂಲು ಈ ಒಂದು ಸಾಲಿನಲ್ಲಿ ಮುಗಿಯುತ್ತದೆ:

```
=E2/MAX(C2-D2,4)
```

ಒಮ್ಮೆಯೂ ಔಟಾಗದವನಿಗೆ ಸೊನ್ನೆಯಿಂದ ಭಾಗಿಸುವ ತೊಂದರೆಯೂ ಇದರಿಂದಲೇ ತಪ್ಪುತ್ತದೆ. ತಪ್ಪು ನುಸುಳುವುದು ಇದಕ್ಕಿಂತ ಹಿಂದೆ, ಸ್ಕೋರ್ ಬುಕ್ಕಿನಿಂದ ಎತ್ತಿ ಬರೆಯುವಾಗ. ನಾಟೌಟ್ ತೋರಿಸಲು 45* ಎಂದು ಒಂದೇ ಖಾನೆಯಲ್ಲಿ ಬರೆದರೆ ಎಕ್ಸೆಲ್ ಅದನ್ನು ಸಂಖ್ಯೆ ಎಂದು ತಿಳಿಯುವುದಿಲ್ಲ, ಅಕ್ಷರ ಎಂದುಕೊಳ್ಳುತ್ತದೆ. SUM ಹಾಕಿದಾಗ ಆ 45 ರನ್ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ನಾಟೌಟನ್ನು ಯಾವಾಗಲೂ ಪಕ್ಕದ ಬೇರೆ ಖಾನೆಯಲ್ಲಿ ಬರೆಯಿರಿ. ಬ್ಯಾಟಿಂಗ್ ಸಿಗದ ಮ್ಯಾಚಿಗೆ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ. ಸೊನ್ನೆ ಬರೆದರೆ ಅದೊಂದು ಇನಿಂಗ್ಸ್ ಆಗಿ ಎಣಿಕೆಗೆ ಬರುತ್ತದೆ, ಔಟೂ ಆಗಿಬಿಡುತ್ತದೆ. AVERAGE ಎಂಬ ಸಿದ್ಧ ಸೂತ್ರವನ್ನು ಮುಟ್ಟಲೇಬೇಡಿ, ಅದಕ್ಕೆ ನಾಟೌಟ್ ಎಂದರೇನು ಎಂದು ಗೊತ್ತಿಲ್ಲ. ಪಟ್ಟಿ ಸರಿಯಿದೆಯೇ ಎಂದು ತಿಳಿಯಲು, ಒಂದು ತಂಡದ ಎಲ್ಲ ಆಟಗಾರರ ರನ್ ಕೂಡಿ, ಅದಕ್ಕೆ ಎಕ್ಸ್‌ಟ್ರಾ ಸೇರಿಸಿ. ಆ ತಂಡದ ಎಲ್ಲ ಮ್ಯಾಚಿನ ಒಟ್ಟು ಸ್ಕೋರಿಗೆ ಅದು ತಾಳೆಯಾಗಬೇಕು. ಔಟುಗಳ ಮೊತ್ತ ಬಿದ್ದ ವಿಕೆಟ್‌ಗಳಿಗೆ ತಾಳೆಯಾಗಬೇಕು. ಒಂದು ರನ್ ವ್ಯತ್ಯಾಸ ಬಂದರೂ ಸ್ಕೋರ್ ಬುಕ್ಕಿಗೆ ವಾಪಸು ಹೋಗಿ.

ಗಾಯವಾಗಿ ಹೊರಬಂದು ಮತ್ತೆ ಇಳಿಯದವನು ನಾಟೌಟ್. ಗಾಯವಿಲ್ಲದೆ, "ಬೇರೆಯವರೂ ಆಡಲಿ" ಎಂದು ಕ್ಯಾಪ್ಟನ್ ಕರೆಸಿಕೊಂಡವನು ಮತ್ತೆ ಇಳಿಯದಿದ್ದರೆ ಔಟು. ನಮ್ಮ ಕಡೆ ಲೀಗುಗಳಲ್ಲಿ ಎರಡನ್ನೂ 'ರಿಟೈರ್ಡ್' ಎಂದು ಒಂದೇ ಹೆಸರಲ್ಲಿ ಬರೆದುಬಿಡುತ್ತಾರೆ, ಆಮೇಲೆ ಬಿಡಿಸಲಾಗುವುದಿಲ್ಲ. ಒಂದೂ ಬಾಲ್ ಆಡದೆ ರನೌಟ್ ಆದವನದೂ ಇನಿಂಗ್ಸೇ, ಔಟೇ. ಮಳೆ ಬಂದು ಅರ್ಧಕ್ಕೆ ನಿಂತ ಮ್ಯಾಚಿನಲ್ಲಿ ಅಷ್ಟರೊಳಗೆ ಹೊಡೆದ ರನ್ನು, ಆದ ಔಟು ಲೆಕ್ಕಕ್ಕೆ ಬರುತ್ತವೆ. ಎದುರಾಳಿ ಬಾರದೆ ವಾಕೋವರ್ ಸಿಕ್ಕರೆ ಆ ತಂಡದ ಬ್ಯಾಟ್ಸ್‌ಮನ್‌ಗಳಿಗೆ ಒಂದು ಅವಕಾಶ ಕಡಿಮೆಯಾಯಿತು. ಒಂದು ವಾಕೋವರ್‌ಗೆ ಗಡಿ ಬದಲಿಸಬೇಕಿಲ್ಲ, ಎರಡಾದರೆ ಆ ತಂಡದವರಿಗೆ ಮೂರರಿಂದ ಭಾಗಿಸಿ.

ಪಾಂಪ್ಲೆಟ್‌ನಲ್ಲಿ ಹೀಗೆ ಅಚ್ಚು ಹಾಕಿಸಿ: "ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿ ಸರಾಸರಿ ತೆಗೆಯಲಾಗುವುದು. ನಾಲ್ಕಕ್ಕಿಂತ ಕಡಿಮೆ ಸಲ ಔಟಾದವರ ರನ್ನುಗಳನ್ನು ನಾಲ್ಕರಿಂದ ಭಾಗಿಸಲಾಗುವುದು. ಸಮ ಬಂದರೆ ಹೆಚ್ಚು ರನ್ ಗಳಿಸಿದವರಿಗೆ." ಮೊದಲ ಮ್ಯಾಚಿನ ಟಾಸಿಗೆ ಮುಂಚೆ ಎಂಟೂ ಕ್ಯಾಪ್ಟನ್‌ಗಳಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ.

ಒಂದು ಕಿತಾಪತಿಗೆ ಮಾತ್ರ ಈ ರೂಲಿನಲ್ಲಿ ಮದ್ದಿಲ್ಲ. ನಾಲ್ಕು ಔಟು ತುಂಬಿ ಪಟ್ಟಿಯ ತಲೆಯಲ್ಲಿ ಕೂತವನಿಗೆ ಕೊನೆಯ ಲೀಗ್ ಮ್ಯಾಚಿನ ಹಿಂದಿನ ರಾತ್ರಿ ಮೊಣಕಾಲು ನೋವು ಬರಬಹುದು. ಬೇಕಿದ್ದರೆ, ತಂಡ ಆಡಿದ ಲೀಗ್ ಮ್ಯಾಚುಗಳಲ್ಲಿ ಕೊನೆಯ ಎರಡನ್ನೂ ಆಡಿರಬೇಕು ಎಂದು ಸೇರಿಸಬಹುದು. ಆದರೆ ನಿಜವಾಗಿ ಮೊಣಕಾಲು ನೋವಾದವನೂ ಅದರಲ್ಲಿ ಹೋಗುತ್ತಾನೆ. ನಾನಾದರೆ ಆ ಷರತ್ತು ಹಾಕುವುದಿಲ್ಲ. ಅವನ ಕ್ಯಾಪ್ಟನ್ ನೋಡಿಕೊಳ್ಳಲಿ.